ಒಂದು ನ್ಯಾಯ ಬಿಟ್ಟ ಕಲ್ಲು

ಭಂಕೂರ
12 ಜುಲೈ 2023

ಪೂಜ್ಯ ಅಮೃತಪ್ಪ ಅಯ್ಯನವರಿಗೆ ಜಯಮಾಲಾ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚಂದ ಇಲ್ಲ, ತಪ್ಪುಗಳೂ ಇರುತ್ತವೆ. ಐದನೆಯ ತರಗತಿಯ ನಂತರ ಇಷ್ಟು ಉದ್ದ ಬರೆದದ್ದು ಇದೇ ಮೊದಲು. ಕ್ಷಮಿಸಿ ಓದಿಕೊಳ್ಳಿ. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಏನಿದ್ದರೂ ಪತ್ರ ಬರೆಯಬೇಕು ಎಂದು ನಿಮ್ಮ ಮಗಳು ಹೇಳಿದರು.

ನೀವು ನಮ್ಮ ಚರ್ಚಿನ ಸಭೆ ಬಿಟ್ಟು ಚಿಮ್ಮನಚೋಡಕ್ಕೆ ಹೋದ ಮೇಲೆ ಇಲ್ಲಿ ನಡೆದದ್ದು ನಿಮ್ಮ ಕಿವಿಗೆ ಬಿದ್ದಿರಬಹುದು. ನಮ್ಮಪ್ಪ ದೇವಿಂದ್ರಪ್ಪ ಮಾರ್ಚ್ ತಿಂಗಳಲ್ಲಿ ಪರ್ಸಿ ಹಾಸುಗಲ್ಲಿನ ಖಣಿಯಲ್ಲಿ ತೀರಿಕೊಂಡ. ಮೇಲಿನ ಕಲ್ಲಿನ ಪದರು ಕುಸಿದು ಅವನ ಮೇಲೆ ಬಿತ್ತು. ಅಂದು ಖಣಿಯ ಸಾವಕಾರ ರೇವಣಸಿದ್ದ ನಮ್ಮ ಅಂಗಳದಲ್ಲಿ ನಿಂತು, "ಪೊಲೀಸು ಗಿಲೀಸು ಯಾಕವ್ವ, ಹೆಣ ಕೊಯ್ತಾರ. ಮಣ್ಣು ಮಾಡ್ರಿ. ನಿಮ್ಮನ್ನ ನಾ ನೋಡಿಕೋತೀನಿ" ಎಂದ. ಅವ್ವ ಅವನ ಮಾತು ನಂಬಿದಳು. ಸಂಜೆಗೆ ಮಣ್ಣು ಮಾಡಿದೆವು. ಹದಿನೈದು ದಿನ ಕಳೆದು ಕೇಳಲು ಹೋದರೆ ಅದೇ ಸಾವಕಾರ, "ಅವನಿಗಿ ಆವತ್ತು ಕೆಲಸಕ್ಕ ಯಾರು ಕರೆದಿದ್ರು? ಕುಡಿದು ಬಂದು ತಾನೇ ಒಳಗ ಇಳಿದಾನ" ಎಂದುಬಿಟ್ಟ.

ಅಪ್ಪ ಕುಡಿಯುವುದು ಬಿಟ್ಟಿದ್ದು ನಿಮ್ಮ ಮುಂದೆಯೇ. ಅದು ನಿಮಗೆ ಗೊತ್ತು.

ಚಿತ್ತಾಪುರದಲ್ಲಿ ಪರಿಹಾರದ ಕೇಸು ಹಾಕಿದ್ದೇವೆ. ಕಣ್ಣಾರೆ ಕಂಡವರು ಒಬ್ಬರು ಬೇಕು ಎನ್ನುತ್ತಾರೆ ವಕೀಲರು. ಕಂಡವನು ಒಬ್ಬನೇ, ನಮ್ಮ ಸೋದರಮಾವ ಅರುಣಕುಮಾರ. ಅಪ್ಪನನ್ನು ಆ ದಿನ ಕೆಲಸಕ್ಕೆ ಕರೆದುಕೊಂಡು ಹೋದವನೇ ಅವನು. ಈಗಲೂ ಅದೇ ಖಣಿಯಲ್ಲಿ ಮೇಸ್ತ್ರಿ. ನಮ್ಮ ಓಣಿಗೆ ಬಂದರೂ ತಲೆ ಬಗ್ಗಿಸಿಕೊಂಡು ದಾಟಿ ಹೋಗುತ್ತಾನೆ.

ನನ್ನ ಗೆಳತಿ ನಗ್ಮಾಳ ಅಣ್ಣ ನಯೀಮ ಅದೇ ಖಣಿಯ ಕಲ್ಲಿನ ಲಾರಿ ಓಡಿಸುತ್ತಿದ್ದ, ಈಗ ಬೇರೆ ಕಡೆ ಇದ್ದಾನೆ. "ನಾ ನೋಡೀನಿ ಅಂತ ಹೇಳ್ತೀನಿ, ನೀವು ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಾನೆ. ಆದರೆ ಆ ದಿನ ಅವನು ಲೋಡು ತೆಗೆದುಕೊಂಡು ವಾಡಿಗೆ ಹೋಗಿದ್ದ. ಅವ್ವ ಒಪ್ಪಿದ್ದಾಳೆ. ನಡೆದದ್ದು ಖರೆಯೇ ಇರುವಾಗ, ಯಾರು ಹೇಳಿದರೇನು?

ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ಮೊನ್ನೆ ಬಚ್ಚಲು ಕಟ್ಟೆ ಸರಿಮಾಡಲು ಬಟ್ಟೆ ಒಗೆಯುವ ಕಲ್ಲು ಎತ್ತಿದೆವು. ಅಡಿಯಲ್ಲಿ ಅಕ್ಷರ ಕೊರೆದಿದೆ. "ನ್ಯಾಯವನ್ನೇ ಬೆನ್ನಟ್ಟು." ನಿಮಗಾಗಿ ಅಪ್ಪ ಕೊರೆದದ್ದು, ಕೊರೆಯುವಾಗ ಒಂದು ಮಾತು ಬಿಟ್ಟ, ಅದಕ್ಕೆ ಕಲ್ಲು ಮನೆಗೆ ವಾಪಸು ಬಂತು ಎಂದಳು ಅವ್ವ. ನೀವು ಬರೆದುಕೊಟ್ಟದ್ದರಲ್ಲಿ ನ್ಯಾಯ ಎನ್ನುವುದು ಎರಡು ಸಲ ಇತ್ತಂತೆ. ಎರಡು ಸಲ ಯಾಕೆ? ಮತ್ತು ನಯೀಮನಿಗೆ ನಾನು ಏನು ಹೇಳಲಿ?

ಇಂತಿ ನಿಮ್ಮ
ಜಯಮಾಲಾ


ಚಿಮ್ಮನಚೋಡ
2 ಆಗಸ್ಟ್ 2023

ಚಿ. ಜಯಮಾಲಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು ತಾಯಿ. ಅಕ್ಷರದ ಚಿಂತೆ ಬೇಡ. ನನ್ನ ಕೈ ಈಗ ನಡುಗುತ್ತದೆ. ನೀನೇ ನನ್ನದನ್ನು ಓದಲು ಒದ್ದಾಡಬೇಕಾದೀತು.

ದೇವಿಂದ್ರಪ್ಪ ಹೋದ ಸುದ್ದಿ ನನಗೆ ಬಂದದ್ದು ಈಸ್ಟರಿನ ವಾರದಲ್ಲಿ. ಅವನನ್ನು ನೆನೆದರೆ ಆ ಕಲ್ಲೇ ಕಣ್ಣ ಮುಂದೆ ಬರುತ್ತದೆ. ಅವನಿಗೆ ಓದು ಬರದು. ಕಾಗದದ ಮೇಲಿನ ಆಕಾರ ನೋಡಿ ಕೊರೆಯುತ್ತಿದ್ದ. ಒಂದೇ ಆಕಾರ ಎರಡು ಸಲ ಕಂಡಾಗ, "ಅಯ್ಯನವರ ಕೈ ತಪ್ಪ್ಯಾದ" ಎಂದು ಒಂದನ್ನು ಬಿಟ್ಟ. ತಪ್ಪಲ್ಲಪ್ಪ, ಒತ್ತಿ ಹೇಳಲು ಹಾಗಿದೆ ಎಂದೆ. ಅದಕ್ಕೆ ಅವನು, "ಒತ್ತಿ ಹೇಳೋದು ಇದ್ರ ಆಳ ಕೊರೀತಿದ್ದೆ. ಎರಡು ಸಲ ಯಾಕ್ರಿ?" ಎಂದ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಹಳೆಯ ಪುಸ್ತಕಗಳನ್ನು ತೆಗೆದು ಓದಿದೆ.

ಅದು ಬೈಬಲಿನಲ್ಲಿ ಮೋಶೆಯ ಐದನೆಯ ಗ್ರಂಥ ಧರ್ಮೋಪದೇಶಕಾಂಡದ ಹದಿನಾರನೆಯ ಅಧ್ಯಾಯದ ಮಾತು. ಊರೂರ ಬಾಗಿಲಲ್ಲಿ ನ್ಯಾಯಾಧಿಪತಿಗಳನ್ನು ಇಡಿ, ನ್ಯಾಯ ತಿರುಚಬೇಡಿ, ಮುಖ ನೋಡಬೇಡಿ, ಲಂಚ ಮುಟ್ಟಬೇಡಿ, ಅದು ತಿಳಿದವರ ಕಣ್ಣನ್ನೂ ಕುರುಡು ಮಾಡುತ್ತದೆ ಎಂದು ಹೇಳಿ, ಅದರ ಬೆನ್ನಿಗೇ ಈ ಮಾತು ಬರುತ್ತದೆ. ಹೀಬ್ರೂ ಭಾಷೆಯಲ್ಲಿ ತ್ಸೆದೆಕ್ ತ್ಸೆದೆಕ್ ತಿರ್ದೋಫ್. ನಾನು ಅದೇ ಕ್ರಮದಲ್ಲಿ "ನ್ಯಾಯ, ನ್ಯಾಯವನ್ನೇ ಬೆನ್ನಟ್ಟು" ಎಂದು ಬರೆದುಕೊಟ್ಟಿದ್ದೆ. ತಿರ್ದೋಫ್ ಎಂದರೆ ಸುಮ್ಮನೆ ಹಿಂದೆ ಹೋಗುವುದಲ್ಲ, ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು. ಹಗೆಯನ್ನು ಅಟ್ಟುವುದಕ್ಕೂ ಅವರಲ್ಲಿ ಅದೇ ಮಾತು.

ಶಾಸ್ತ್ರದಲ್ಲಿ ಒಂದು ಮಾತೂ ದಂಡಕ್ಕೆ ಬಂದಿಲ್ಲ ಎನ್ನುವುದು ಯೆಹೂದಿ ಗುರುಗಳ ನಂಬಿಕೆ. ಹಾಗಾಗಿ ಎರಡನೆಯ ನ್ಯಾಯ ಏಕೆ ಎಂದು ಅವರೆಲ್ಲ ಕೇಳಿದರು. ಒಬ್ಬರು ಒಂದೊಂದು ಹೇಳಿದರು. ಹತ್ತಿರದ ಪಂಚರಿಂದಲೇ ತೃಪ್ತನಾಗಬೇಡ, ಒಳ್ಳೆಯ ನ್ಯಾಯಪೀಠವನ್ನು ಹುಡುಕಿಕೊಂಡು ಹೋಗು ಎಂದರು ಕೆಲವರು. ಒಂದು ಮಾತು ತೀರ್ಪು ಕೊಡುವವನಿಗೆ, ಇನ್ನೊಂದು ಕೇಳಲು ಬಂದವನಿಗೆ ಎಂದರು ಕೆಲವರು. ಇನ್ನೊಬ್ಬ ಹಿರಿಯರು ಹೇಳಿದ್ದು, ಮುಂದೆ ಬಂದ ವ್ಯಾಜ್ಯದಲ್ಲಿ ಕಪಟದ ವಾಸನೆ ಬಂದರೆ ಒಂದು ಸಲ ನೋಡಿ ಬಿಡಬಾರದು, ಮತ್ತೆ ಕೆದಕಿ ನೋಡಬೇಕು, ಅದಕ್ಕೇ ಎರಡು ಸಲ ಎಂದು.

ಬಹಳ ಕಾಲದ ನಂತರ ಪೋಲೆಂಡ್ ದೇಶದ ಒಬ್ಬ ಗುರು ಹೇಳಿದ ಅರ್ಥ ನನಗೆ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸಿದೆ. ನ್ಯಾಯವನ್ನು ನ್ಯಾಯದಿಂದಲೇ ಬೆನ್ನಟ್ಟು. ಮುಟ್ಟುವ ಊರು ನ್ಯಾಯದ್ದಾಗಿದ್ದರೆ ಸಾಲದು, ನಡೆಯುವ ದಾರಿಯೂ ಅದೇ ಆಗಿರಬೇಕು.

ನಿನ್ನ ಕೇಸು ಖರೆ. ನಯೀಮ ಬಾಯಿ ತೆರೆದ ಗಳಿಗೆಯಲ್ಲಿ ಅದರೊಳಗೆ ಕಪಟ ಸೇರುತ್ತದೆ. ನನಗೆ ತಿಳಿದದ್ದು ಇಷ್ಟು. ಬೇಡ ತಾಯಿ.

ನಿನ್ನ ಅವ್ವ ಭೀಮಬಾಯಿಗೆ ನನ್ನ ಆಶೀರ್ವಾದ ತಿಳಿಸು.

ಅಮೃತಪ್ಪ


ಭಂಕೂರ
19 ಆಗಸ್ಟ್ 2023

ಅಯ್ಯನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಅಯ್ಯನವರಿಗಿ ಪಿಂಚಣಿ ಬರ್ತದ, ಕೇಳವ್ವ ಅವರ ಮಾತು" ಎಂದಳು. ಹೀಗೆ ಬರೆದದ್ದಕ್ಕೆ ಕ್ಷಮಿಸಿ. ಆದರೆ ಅವಳು ಅಂದದ್ದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ.

ನನಗೂ ಸಿಟ್ಟು ಬಂದಿದೆ. ಸಾವಕಾರ ಸುಳ್ಳು ಹೇಳಬಹುದು, ಮಾಮಾ ಬಾಯಿ ಮುಚ್ಚಿಕೊಂಡು ಇರಬಹುದು. ನಾವು ಮಾತ್ರ ದಾರಿ ನೋಡಿ ನಡೆಯಬೇಕೇ? ನಿಮ್ಮ ಗುರುಗಳಲ್ಲಿ ಯಾರಾದರೂ ಅಪ್ಪನನ್ನು ಕಲ್ಲಿನ ಅಡಿಯಿಂದ ತೆಗೆದವರು ಇದ್ದರೇ?

ನನ್ನ ತಮ್ಮಂದಿರು ಇಬ್ಬರೂ ಶಹಾಬಾದದ ಶಾಲೆಗೆ ಹೋಗುತ್ತಾರೆ. ನಿನ್ನಪ್ಪ ಕುಡಿದು ಸತ್ತನಂತೆ ಎಂದು ಸಣ್ಣವನಿಗೆ ಯಾರೋ ಅಂದಿದ್ದಾರೆ. ಅವನು ಎರಡು ದಿನ ಶಾಲೆಗೆ ಹೋಗಲಿಲ್ಲ. ನನಗೆ ಬೇಕಾದದ್ದು ಅದೊಂದೇ. ಅವರು ಕರೆದ ಮೇಲೆಯೇ ಅಪ್ಪ ಕೆಲಸಕ್ಕೆ ಹೋಗಿದ್ದ, ಕುಡಿದಿರಲಿಲ್ಲ ಎಂದು ಕೋರ್ಟಿನ ಕಾಗದದಲ್ಲಿ ಬರಬೇಕು. ಅದನ್ನು ನಯೀಮ ಬರೆಸಿಕೊಡುತ್ತಾನೆ. ನೀವು ಬೇಡ ಎನ್ನುತ್ತೀರಿ.

ಜಯಮಾಲಾ


ಚಿಮ್ಮನಚೋಡ
30 ಆಗಸ್ಟ್ 2023

ಚಿ. ಜಯಮಾಲಾಳಿಗೆ.

ಭೀಮಬಾಯಿ ಅಂದದ್ದು ಸರಿ. ಪಿಂಚಣಿ ಬರುತ್ತದೆ. ಕೂತು ಹೇಳುವುದು ಸುಲಭ.

ಒಂದು ಸಂಗತಿ ಬರೆಯುತ್ತೇನೆ. ಆಮೇಲೆ ನಿನ್ನ ಮನಸ್ಸಿಗೆ ಬಂದಂತೆ ಮಾಡು. ನಿನ್ನಂಥದೇ ಪ್ರಶ್ನೆ ಆ ಹಿರಿಯರ ಮುಂದೆಯೂ ಬಂದಿತ್ತು. ಅವರ ಕಟ್ಟಳೆಯಲ್ಲಿ ಸಾಕ್ಷಿ ಇಬ್ಬರು ಬೇಕು. ಒಬ್ಬ ಗುರು ತನ್ನ ಶಿಷ್ಯನಿಗೆ ಹೇಳುತ್ತಾನೆ. ಲೋಕದ ಸಂಪತ್ತೆಲ್ಲ ಕೊಟ್ಟರೂ ನಾನು ಸುಳ್ಳಾಡುವವನಲ್ಲ ಎಂದು ನಿನಗೆ ಗೊತ್ತು. ಒಬ್ಬನಿಂದ ನನಗೆ ಬರಬೇಕಾದದ್ದು ಇದೆ, ನನ್ನ ಬಳಿ ಸಾಕ್ಷಿ ಒಬ್ಬನೇ. ನೀನು ಬಂದು ಅವನ ಪಕ್ಕದಲ್ಲಿ ಸುಮ್ಮನೆ ನಿಲ್ಲು, ಬಾಯಿ ಬಿಡಬೇಡ. ಸಾಕ್ಷಿ ಇಬ್ಬರಿದ್ದಾರೆ ಎಂದು ಹೆದರಿ ಸಾಲಗಾರನೇ ಒಪ್ಪಿಕೊಳ್ಳುತ್ತಾನೆ. ಶಿಷ್ಯ ಹೋಗಿ ನಿಲ್ಲಬಹುದೇ?

ನಿಲ್ಲಬಾರದು ಎಂದರು. ಅವನು ಒಂದು ಮಾತೂ ಆಡುವುದಿಲ್ಲ, ಗುರುವಿನ ಮಾತು ಖರೆ, ಆದರೂ ನಿಲ್ಲಬಾರದು. ಸುಳ್ಳಿನಿಂದ ದೂರ ಇರು ಎಂದು ಇನ್ನೊಂದು ಕಡೆ ಹೇಳಿದೆ. ಹೇಳಬೇಡ ಎಂದಷ್ಟೇ ಅಲ್ಲ, ದೂರ ಇರು ಎಂದಿದೆ.

ಇದನ್ನು ಓದುವಾಗ ನನಗೂ ಆ ಗುರುವಿನ ಬಗ್ಗೆ ಅಯ್ಯೋ ಅನ್ನಿಸುತ್ತದೆ. ಅವನಿಗೆ ಬರಬೇಕಾದದ್ದು ಬಂತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ.

ಸಣ್ಣವನನ್ನು ಶಾಲೆ ಬಿಡಿಸಬೇಡ.

ಅಮೃತಪ್ಪ


ಭಂಕೂರ
27 ಅಕ್ಟೋಬರ್ 2023

ಅಯ್ಯನವರಿಗೆ ಜಯಮಾಲಾ ಮಾಡುವ ನಮಸ್ಕಾರಗಳು.

ಬಹಳ ದಿನ ಬರೆಯಲಿಲ್ಲ. ನಿಮಗೆ ಉತ್ತರ ಕೊಡದೆಯೇ ನಯೀಮನ ಸಾಕ್ಷಿ ಕೊಡಿಸಬೇಕೆಂದು ಮಾಡಿದ್ದೆ. ಅದಕ್ಕೇ ಬರೆಯಲಿಲ್ಲ.

ಕಳೆದ ವಾರ ಚಿತ್ತಾಪುರ ಕೋರ್ಟಿನಲ್ಲಿ ತಾರೀಖು ಇತ್ತು. ಅವ್ವ, ನಾನು, ನಗ್ಮಾ ಮೂವರೂ ಹೋದೆವು. ನಯೀಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬೇವಿನ ಗಿಡದ ಕೆಳಗೆ ನಿಂತು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ. "ನಾ ಲಾರಿ ಹಿಂದ ನಿಂತಿದ್ದೆ. ಮೇಸ್ತ್ರಿ ಅವನಿಗಿ ಒಳಗ ಕರೆದ. ಆಮೇಲೆ ಕಲ್ಲು ಬಿತ್ತು."

ನಗ್ಮಾ ನಕ್ಕಳು. "ಅಣ್ಣಾ, ಶಾಲ್ಯಾಗ ಹಿಂಗ ಓದಿದ್ರ ಇವತ್ತು ನೀನೇ ವಕೀಲ ಇರ್ತಿದ್ದಿ."

"ಹಂಗಾಗಿದ್ರ ನಿನ್ನ ಮದುವಿಗಿ ಸೇಡಂದಾಗ ಬಂಗ್ಲೆ ಕಟ್ಟಿಸ್ತಿದ್ದೆ, ಸುಮ್ಮಿರು" ಎಂದ ನಯೀಮ. ಅವ್ವನೂ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಅವನು ನನ್ನ ಕಡೆ ತಿರುಗಿ, "ಜಯಾ, ಕಾಕಾ ಆವತ್ತು ಯಾವ ಬಣ್ಣದ ಅಂಗಿ ಹಾಕಿದ್ರು? ಆ ಕಡಿ ವಕೀಲ ಕೇಳಿದ್ರ ಗೊತ್ತಿರಬೇಕಲ್ಲ" ಎಂದ.

ಅಯ್ಯನವರೇ, ಆ ಅಂಗಿ ನೀಲಿ ಚೌಕಡಿಯದು. ಹಿಂದಿನ ದಿನ ನಾನೇ ಅದನ್ನು ಆ ಕಲ್ಲಿನ ಮೇಲೆ ಒಗೆದಿದ್ದೆ. ಕಾಲರಿನ ಮಣ್ಣು ಹೋಗಲಿಲ್ಲ ಎಂದು ಮತ್ತೆ ಮತ್ತೆ ತಿಕ್ಕಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಆ ಅಂಗಿಯ ಬಣ್ಣ ಖರೆ. ಅದನ್ನು ನಾನೇ ತೆಗೆದು ಸುಳ್ಳಿನ ಕೈಯಲ್ಲಿ ಕೊಡಬೇಕಿತ್ತು.

"ಬ್ಯಾಡ ನಯೀಮ ಅಣ್ಣ. ನೀ ಒಳಗ ಹೋಗಬ್ಯಾಡ" ಎಂದೆ.

ಅವನು ನಾನು ಹೆದರಿದ್ದೇನೆ ಎಂದುಕೊಂಡ. ಅವನು ಸಮಾಧಾನ ಮಾಡಿದ, ನಾನು ಮತ್ತೆ ಬೇಡ ಎಂದೆ. ಆಗ ಅವನ ಮುಖ ಕಪ್ಪಿಟ್ಟಿತು. "ನಾ ನಿಮ್ಮ ಸಲುವಾಗಿ ಬಂದೆ. ಈಗ ನಾನೇ ಸುಳ್ಳಗಾರ ಆದೆ ಏನು?" ಎಂದು ಕೇಳಿ ನಡೆದುಬಿಟ್ಟ. ನಗ್ಮಾ ಅವನ ಹಿಂದೆ ಹೋದಳು. ಅವತ್ತಿನಿಂದ ಇಬ್ಬರೂ ನಮ್ಮ ಮನೆಗೆ ಬಂದಿಲ್ಲ.

ವಕೀಲರು ಫೈಲು ಮಡಚಿ, "ಕೋರ್ಟಿಗಿ ಬಂದೀಯೋ, ಪ್ರಾರ್ಥನಾಕ್ಕ ಬಂದೀಯೋ?" ಎಂದರು. ಅವ್ವ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ.

ನಿಮ್ಮ ಪತ್ರ ಓದಿ ಹೀಗೆ ಮಾಡಿದೆ ಎಂದುಕೊಳ್ಳಬೇಡಿ. ಅಪ್ಪ ಕಲ್ಲು ತೆಗೆದುಕೊಳ್ಳುವಾಗ ಈ ತುದಿಗೆ ಒಂದು ಸಲ, ಆ ತುದಿಗೆ ಒಂದು ಸಲ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಒಂದು ತುದಿ ಗಂಟೆಯ ಹಾಗೆ ದನಿ ಕೊಟ್ಟು ಇನ್ನೊಂದು ಬದ್ದ ಎಂದು ಮಂದವಾಗಿ ಸದ್ದು ಮಾಡಿದರೆ ಒಳಗೆ ಬಿರುಕು ಇದೆ ಎಂದೇ ಲೆಕ್ಕ. ಮೇಲೆ ಎಷ್ಟು ಚಂದ ಇದ್ದರೂ ಆ ಕಲ್ಲು ಅವನು ತರುತ್ತಿರಲಿಲ್ಲ. ನಯೀಮ ಅಂಗಿಯ ಬಣ್ಣ ಕೇಳಿದಾಗ ನನಗೆ ಆ ಬದ್ದ ಎನ್ನುವ ಸದ್ದು ಕೇಳಿತು.

ಈಗ ಸಾವಕಾರನ ಕಡೆಯಿಂದ ರಾಜಿಯ ಮಾತು ಬಂದಿದೆ. ಹಣ ಕೊಡುತ್ತಾನಂತೆ. ಆದರೆ ಕಾಗದದಲ್ಲಿ, ಮೃತನು ನಮ್ಮ ಕೆಲಸದಲ್ಲಿ ಇರಲಿಲ್ಲ, ಮಾನವೀಯತೆಯಿಂದ ಕೊಡುತ್ತಿದ್ದೇವೆ ಎಂದು ಇರುತ್ತದಂತೆ. ನಾನು ಆಗದು ಎಂದೆ. ಅವ್ವ ಆಗಲಿ ಎನ್ನುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರೂ ಗೋಡೆ ನೋಡಿಕೊಂಡು ಉಣ್ಣುತ್ತೇವೆ.

ಇಂತಿ
ಜಯಮಾಲಾ


ಚಿಮ್ಮನಚೋಡ
15 ನವೆಂಬರ್ 2023

ಚಿ. ಜಯಮಾಲಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಲು ಹೋದೆ. ಅಂಗಿಯ ಬಣ್ಣದ ಹತ್ತಿರ ಬಂದು ನಿಂತುಬಿಟ್ಟೆ.

ನಯೀಮನ ಮೇಲೆ ಬೇಸರ ಮಾಡಿಕೊಳ್ಳಬೇಡ. ಅವನು ಕೊಡಬಂದದ್ದು ಪ್ರೀತಿ. ಆ ಮಾತನ್ನು ಅವನಿಗೆ ಹೇಳುವವರು ಬೇಕು.

ರಾಜಿಯ ಬಗ್ಗೆ. ಎರಡು ನ್ಯಾಯಗಳ ಇನ್ನೊಂದು ಅರ್ಥವನ್ನು ನಾನು ನಿನಗೆ ಬರೆದಿರಲಿಲ್ಲ. ಆಗ ಬೇಕಿರಲಿಲ್ಲ. ತಾಲ್ಮುದ್ ಎಂಬ ಅವರ ದೊಡ್ಡ ಗ್ರಂಥದಲ್ಲಿದೆ. ಒಂದು ನ್ಯಾಯ ತೀರ್ಪಿಗೆ, ಇನ್ನೊಂದು ರಾಜಿಗೆ. ರಾಜಿ ಎಂದರೆ ನ್ಯಾಯ ಸೋತು ಮನೆಗೆ ಹೋಗುವುದಲ್ಲ, ಅದೂ ನ್ಯಾಯವೇ, ಎರಡನೆಯದು, ಎನ್ನುತ್ತಾರೆ. ಅದಕ್ಕೆ ಅವರು ಕೊಡುವ ದೃಷ್ಟಾಂತ ಹೀಗಿದೆ. ಬೇತ್ ಹೋರೋನ್ ಎಂಬ ಕಡಿದಾದ ಏರು. ಎರಡು ಒಂಟೆಗಳು ಎದುರುಬದುರಾಗುತ್ತವೆ. ಎರಡೂ ಒಟ್ಟಿಗೆ ನುಗ್ಗಿದರೆ ಎರಡೂ ಕೆಳಗೆ. ಒಂದರ ಹಿಂದೆ ಒಂದು ಹೋದರೆ ಎರಡೂ ದಾಟುತ್ತವೆ. ಯಾವುದು ಮೊದಲು? ಒಂದು ಹೊರೆ ಹೊತ್ತಿದ್ದು ಇನ್ನೊಂದು ಬರಿದಾಗಿದ್ದರೆ ಬರಿಯದು ಸರಿಯಬೇಕು, ಹೊತ್ತದ್ದು ಮುಂದೆ ಹೋಗಬೇಕು. ಒಂದು ತನ್ನ ಊರಿಗೆ ಹತ್ತಿರವಿದ್ದರೆ ಅದು ದೂರದ್ದಕ್ಕೆ ದಾರಿ ಬಿಡಬೇಕು. ಎರಡೂ ಸಮನಾಗಿದ್ದರೆ ಮಾತಾಡಿಕೊಂಡು ಒಂದು ಮುಂದೆ ಹೋಗಬೇಕು, ಹೋದವರು ನಿಂತವರಿಗೆ ಏನಾದರೂ ಕೊಟ್ಟು ಸರಿದೂಗಿಸಬೇಕು.

ದಂಡೋತಿಯ ಹತ್ತಿರ ಕಾಗಿಣಾ ಹೊಳೆಯ ಸೇತುವೆ ದಾಟುವಾಗ ಎದುರಿಗೆ ತುಂಬಿದ ಲಾರಿ ಬಂದರೆ ಖಾಲಿ ಗಾಡಿಯವನು ಹಿಂದೆ ಸರಿಯುವುದನ್ನು ನೀನೂ ಕಂಡಿರಬಹುದು.

ಸಾವಕಾರ ಹೇಳುವ ರಾಜಿ ಇಂಥದು ಎಂದು ನಾನು ಹೇಳಲಾರೆ. ಅವನ ಮೇಲೆ ಯಾವ ಹೊರೆಯೂ ಇಲ್ಲ, ಆದರೂ ಅವನೇ ಮುಂದೆ ನುಗ್ಗುತ್ತಿದ್ದಾನೆ. ಆ ಒಂದು ಸಾಲನ್ನು ತೆಗೆಸಲು ವಕೀಲರನ್ನು ಕೇಳಿ ನೋಡು. ಆಗದಿದ್ದರೆ ಏನು ಮಾಡಬೇಕು ಎನ್ನುವುದು ಭೀಮಬಾಯಿಗೆ ಮತ್ತು ನಿನಗೆ ಬಿಟ್ಟದ್ದು. ಈ ಸಲ ನಾನು ಬೇಡ ಎನ್ನುವುದಿಲ್ಲ.

ಅಮೃತಪ್ಪ


ಭಂಕೂರ
8 ಜನವರಿ 2024

ಅಯ್ಯನವರಿಗೆ ನಮಸ್ಕಾರಗಳು.

ಲೋಕ ಅದಾಲತ್ತಿನಲ್ಲಿ ಸಹಿ ಆಯಿತು. ಅವ್ವ ಹೆಬ್ಬೆಟ್ಟು ಒತ್ತಿದಳು, ನಾನು ಹೆಸರು ಬರೆದೆ. ವಕೀಲರು ಕೇಳಿದ ಮೇಲೂ ಸಾವಕಾರ ಆ ಸಾಲು ತೆಗೆಯಲಿಲ್ಲ. ಅದು ಹಾಗೆಯೇ ಇದೆ.

ನಿಮ್ಮ ಒಂಟೆಗಳ ಮಾತು ಓದಿದಾಗ ಮೊದಲು ಸಾವಕಾರನನ್ನೂ ನನ್ನನ್ನೂ ಎದುರುಬದುರು ನಿಲ್ಲಿಸಿ ನೋಡಿದ್ದೆ. ಡಿಸೆಂಬರಿನಲ್ಲಿ ಒಂದು ದಿನ ಅವ್ವ ಖಣಿಯಿಂದ ಬಂದು ಬಾಗಿಲಲ್ಲೇ ಕುಳಿತಳು. ಅಪ್ಪ ಹೋದ ಮೇಲೆ ಬೇರೆ ಖಣಿಯಲ್ಲಿ ಕಲ್ಲಿನ ಚಕ್ಕೆ ಹೊರುತ್ತಾಳೆ. ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆಯುವುದನ್ನೂ ಮರೆತಿದ್ದಳು. ಸಣ್ಣ ತಮ್ಮ ಬಂದು ಅದನ್ನು ತೆಗೆದ. ಆಗ ತಿಳಿಯಿತು. ಆ ದಾರಿಯಲ್ಲಿ ಎದುರುಬದುರು ನಿಂತವರು ಅವಳು ಮತ್ತು ನಾನು. ಹೊರೆ ಇರುವುದು ಅವಳ ಮೇಲೆ. ನಾನು ಬರೀ ಕೈಯಲ್ಲಿ ಅಪ್ಪನ ಹೆಸರು ಹಿಡಿದುಕೊಂಡು ದಾರಿಗೆ ಅಡ್ಡ ನಿಂತಿದ್ದೆ.

"ಅವ್ವ, ನೀ ಹೇಳಿದಂಗ ಆಗಲಿ" ಎಂದೆ.

ಅವಳು ನನ್ನನ್ನು ನೋಡಿ, "ನನಗೇನು ಅವನ ಹೆಸರು ಬ್ಯಾಡೇನು?" ಎಂದಳು. ಅವತ್ತು ಇಬ್ಬರೂ ಅತ್ತೆವು.

ಹಣದಲ್ಲಿ ಮನೆ ನಡೆಯುತ್ತದೆ. ಅವ್ವನನ್ನು ಚಕ್ಕೆ ಹೊರುವುದು ಬಿಡಿಸಿದ್ದೇನೆ. ಆದರೆ ಸಹಿ ಮಾಡಿ ಬಂದ ದಿನ ಅಪ್ಪನನ್ನು ಎರಡನೆಯ ಸಲ ಮಣ್ಣು ಮಾಡಿದಂತೆ ಆಯಿತು. ಅದನ್ನು ಯಾರಿಗೂ ಹೇಳಿಲ್ಲ. ನಿಮಗೆ ಬರೆಯುತ್ತಿದ್ದೇನೆ.

ಜಯಮಾಲಾ


ಚಿಮ್ಮನಚೋಡ
20 ಜನವರಿ 2024

ತಾಯಿ ಜಯಮಾಲಾ,

ಉದ್ದ ಬರೆಯಲು ಕೈ ಒಪ್ಪುತ್ತಿಲ್ಲ. ಇನ್ನೊಂದು ಅರ್ಥ ಉಳಿದಿತ್ತು, ಅದನ್ನು ಬರೆದು ಮುಗಿಸುತ್ತೇನೆ. ಗೆದ್ದರೂ ನ್ಯಾಯ, ಸೋತರೂ ನ್ಯಾಯ, ಅದಕ್ಕೇ ಎರಡು ಎಂದು ಒಬ್ಬ ಹಳೆಯ ವ್ಯಾಖ್ಯಾನಕಾರ ಬರೆದಿದ್ದಾನೆ. ಅವನೇ ಇನ್ನೂ ಒಂದು ಸೇರಿಸಿದ್ದಾನೆ. ಒಂದು ಸಲ ಬೆನ್ನಟ್ಟಿ ಬಿಡುವುದಲ್ಲ, ಮತ್ತೆ ಮತ್ತೆ, ಬದುಕಿರುವಷ್ಟು ದಿನ.

ನಿನಗೆ ಸಮಾಧಾನ ಹೇಳಲು ಇದನ್ನು ಬರೆಯಲಿಲ್ಲ. ಸಮಾಧಾನ ನನ್ನ ಬಳಿ ಇಲ್ಲ.

ಅಮೃತಪ್ಪ


ಭಂಕೂರ
17 ಮಾರ್ಚ್ 2024

ಅಯ್ಯನವರಿಗೆ ಜಯಮಾಲಾ ಮಾಡುವ ನಮಸ್ಕಾರಗಳು.

ಅಪ್ಪ ಹೋಗಿ ವರ್ಷವಾಯಿತು. ಮೊನ್ನೆ ಪ್ರಾರ್ಥನೆ ಇಟ್ಟಿದ್ದೆವು. ನಾನು ನಯೀಮನ ಮನೆಗೆ ಹೋಗಿ, ನೀವು ಬರೆದ ಮಾತನ್ನು ನನ್ನ ಬಾಯಿಂದ ಬಂದ ಹಾಗೆ ಹೇಳಿ ಕರೆದಿದ್ದೆ. ಅವನು ಬರಲಿಲ್ಲ. ನಗ್ಮಾ ಬಂದಳು, ಅಡುಗೆಗೆ ಕೈ ಹಚ್ಚಿದಳು, ಹೆಚ್ಚು ಮಾತಾಡಲಿಲ್ಲ.

ಎಲ್ಲರೂ ಹೋದ ಮೇಲೆ ಮಾಮಾ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. ಬಚ್ಚಲ ಹತ್ತಿರ ಆ ಕಲ್ಲಿನ ಪಕ್ಕ ನಿಂತು ಅವ್ವನಿಗೆ ಹೇಳಿದ. "ಅಕ್ಕಾ, ಮಾವಗ ನಾನೇ ಕರೆದೊಯ್ದೆ. ಮ್ಯಾಲಿನ ಪದರು ಸಡ್ಲ ಅದ, ಇವತ್ತು ಬ್ಯಾಡ ಅಂತ ಮಾವ ಅಂದಿದ್ದ. ಲಾರಿ ನಿಂತಾದ, ಇಳೀರಿ ಅಂತ ನಾನೇ ಅಂದೆ. ಕುಡಿದಿರಲಿಲ್ಲ. ಹನಿ ಸುದ್ದಾ ಕುಡಿದಿರಲಿಲ್ಲ."

ಅವ್ವ, "ಇಷ್ಟು ಮಾತು ಅಲ್ಲಿ ಆಡಿದ್ರ ನಿನ್ನ ನಾಲಗಿ ಸವೀತಿತ್ತೇನೋ?" ಎಂದಳು.

"ನನಗೂ ಮಕ್ಕಳು ಅದಾವ ಅಕ್ಕಾ."

"ಅವರಿಗಿ ಏನು ಹೇಳ್ತಿ?"

ಅವನು ಯಾರಿಗೂ ಹೇಳಬೇಡಿ ಎಂದು ಕೈ ಮುಗಿದು ಹೋದ. ನನ್ನ ತಮ್ಮಂದಿರು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸಣ್ಣವನು ನನ್ನ ಕೈ ಹಿಡಿದು, "ಅಕ್ಕಾ, ಅಪ್ಪ ಕುಡಿದಿರಲಿಲ್ಲ" ಎಂದ, ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ.

ಕೋರ್ಟಿನ ಕಾಗದ ಇನ್ನು ಬದಲಾಗುವುದಿಲ್ಲ ಎಂದು ವಕೀಲರು ಹೇಳುತ್ತಾರೆ. ಆದರೂ ಮಾಮಾನ ಮನೆಗೆ ಹೋಗುತ್ತಲೇ ಇರುತ್ತೇನೆ. ಆ ಮಾತನ್ನು ಸಭೆಯ ಜನರ ಮುಂದೆ ಒಂದು ಸಲ ಹೇಳು ಎಂದು ಕೇಳುತ್ತೇನೆ. ಇಲ್ಲ ಎಂದರೆ ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ಜಗಳ ಮಾಡುವುದಿಲ್ಲ. ಮಕ್ಕಳ ಮುಂದೆ ಅವನ ಮಾನ ಕಳೆಯುವುದಿಲ್ಲ.

ಅಪ್ಪನ ಸಮಾಧಿಗೆ ಇನ್ನೂ ಕಲ್ಲು ಇಟ್ಟಿಲ್ಲ. ಬಟ್ಟೆ ಒಗೆಯುವ ಕಲ್ಲನ್ನೇ ಇಡೋಣ ಎಂದಳು ಅವ್ವ. ಅವನ ಕೈಯ ಅಕ್ಷರ ಅದರ ಮೇಲಿದೆ. ನಾವೆಲ್ಲ ಸೇರಿ ಅದನ್ನು ಮಗುಚಿ, ತೊಳೆದು, ಗೋಡೆಗೆ ಆನಿಸಿ ಇಟ್ಟಿದ್ದೇವೆ. ಕೊರೆದ ಸಾಲಿನ ಶುರುವಿನಲ್ಲಿ ಇನ್ನೊಂದು ಮಾತಿಗೆ ಜಾಗವಿಲ್ಲ. ಮೇಲೆ ಸ್ವಲ್ಪ ಇದೆ.

ಇವತ್ತು ಮುಂಜಾನೆ ಅಪ್ಪನ ಸಣ್ಣ ಉಳಿ, ಸುತ್ತಿಗೆ ತೆಗೆದುಕೊಂಡು ಅದರ ಮುಂದೆ ಕುಳಿತೆ. ಮೊದಲು ಈ ತುದಿ ಬಡಿದೆ, ಆಮೇಲೆ ಆ ತುದಿ. ಆಮೇಲೆ ಅವನು ಬಿಟ್ಟ ಮಾತನ್ನು ಮೇಲಿನ ಜಾಗದಲ್ಲಿ ಕೊರೆಯಲು ಹತ್ತಿದೆ. ಕೈ ಪಳಗಿಲ್ಲ, ಸೊಟ್ಟ ಬಂದಿದೆ. ಬಿಸಿಲು ಏರುವುದರೊಳಗೆ 'ನ್ಯಾ' ಅಷ್ಟೇ ಆಯಿತು.

ಇಂತಿ ನಿಮ್ಮ
ಜಯಮಾಲಾ